ಮೊದಲು ದನಿ, ಆಮೇಲೆ ಚಿತ್ರ: ಬೆಟಗೇರಿ ಮದುವೆಯ ಆರು ನಿಮಿಷ

"ಮದುವಿ ವಿಡಿಯೋದಾಗ ಮಾತು ಯಾರು ಕೇಳ್ತಾರೋ ತಮ್ಮಾ? ಎರಡು ಹಾಡು ಹಾಕು, ಸ್ಲೋ ಮಾಡು, ಕೊಟ್ಟು ಬಿಡು." ಹುಬ್ಬಳ್ಳಿಯಲ್ಲಿ ನಾನು ಕೆಲಸ ಕಲಿತ ಸ್ಟುಡಿಯೋದ ಹಿರಿಯರು ಹೀಗೆ ಹೇಳಿ ನಕ್ಕಿದ್ದರು. ಕಳೆದ ವೈಶಾಖದಲ್ಲಿ ಬೆಟಗೇರಿಯ ಒಂದು ನೇಕಾರರ ಮನೆ ಮದುವೆಗೆ ಆರು ನಿಮಿಷದ ಹೈಲೈಟ್ ವಿಡಿಯೋ ಮಾಡಿಕೊಟ್ಟೆ. ಹದಿನೈದು ದಿನಕ್ಕೆ ಆ ಹಿರಿಯರೇ ಫೋನ್ ಮಾಡಿದರು: "ಆ ಅಪ್ಪನ ಬಾಯಿಂದ ಅಷ್ಟು ಮಾತು ಹೆಂಗ ಹೊರಡಿಸಿದಿ?" ಅರ್ಧ ಉತ್ತರ ಕೊಟ್ಟೆ. ಇಲ್ಲಿಯೂ ಸುಮಾರು ಅಷ್ಟನ್ನೇ ಬರೆಯುತ್ತೇನೆ.

ಮೊದಲು ಕೈ ಸುಟ್ಟುಕೊಂಡದ್ದು. ಹಾವೇರಿ ಕಡೆಯ ಒಂದು ಮದುವೆಗೆ ಹೆಸರಾದ ಸಿನಿಮಾ ಹಾಡು ಹಾಕಿ, ತಾಳಕ್ಕೆ ತಕ್ಕ ಹಾಗೆ ಕತ್ತರಿಸಿ, ಭಾಳ ಚಂದ ಮಾಡಿದ್ದೆ. ಯೂಟ್ಯೂಬ್‌ಗೆ ಏರಿಸಿದ ಕೂಡಲೇ ಕಾಪಿರೈಟ್ ಕ್ಲೇಮ್ ಬಂತು, ಇನ್‌ಸ್ಟಾಗ್ರಾಂನಲ್ಲಿ ದನಿಯೇ ಬಂದ್. ದುಬೈಯಲ್ಲಿದ್ದ ವರನ ಅಣ್ಣ ಮೂಕಿ ಸಿನಿಮಾ ನೋಡಿ ಬೈದ. ಬೇರೆ ಸಂಗೀತ ಕೊಂಡು ಕೂಡಿಸಲು ಹೋದರೆ ಒಂದು ಕಟ್ಟೂ ಹೊಂದಲಿಲ್ಲ, ಯಾಕೆಂದರೆ ಇಡೀ ಫಿಲ್ಮ್ ನಿಂತಿದ್ದೇ ಆ ಹಾಡಿನ ಮೇಲೆ. ಐದು ದಿನದ ಕೆಲಸ ಹೋಯಿತು, ಬರಬೇಕಾದ ಬಾಕಿಯಲ್ಲಿ ಒಂದು ಹತ್ತು ಸಾವಿರವೂ ಹೋಯಿತು.

ಮುಂದಿನ ಮದುವೆಯಲ್ಲಿ ಮಾತು ಹಿಡಿಯೋಣ ಎಂದು ಮದುವೆ ದಿನವೇ ವಧುವಿನ ಕೋಣೆಯಲ್ಲಿ ಕಾಲರ್ ಮೈಕ್ ಸಿಕ್ಕಿಸಿದೆ. ಹೊರಗೆ ಬ್ಯಾಂಡಿನವರು, ಒಳಗೆ ಸೀರೆ ಪಿನ್ನಿನ ಗಲಾಟೆ. ಎಂಟು ಜನರನ್ನು ಕೇಳಿದೆ, ಎಂಟೂ ಜನ ಹೇಳಿದ್ದು "ಭಾಳ ಖುಷಿ ಆಗೇತ್ರಿ".

ಹಂಗಾಗಿ ಬೆಟಗೇರಿಯವರಿಗೆ ಮೊದಲೇ ಕರಾರು ಹಾಕಿದೆ: ಮದುವೆಗೆ ನಾಲ್ಕು ದಿನ ಮೊದಲು ಅರ್ಧ ದಿನ ನನಗೆ ಬೇಕು, ಅದಕ್ಕೆ ಬೇರೆ 4,000. ವರನ ಕಡೆಯವರು ಮುಖ ಸಿಂಡರಿಸಿದರು. ಹುಡುಗಿಯೇ "ಕೊಡೂಣ ಬಿಡ್ರಿ" ಅಂದಳು.

ಹುಡುಗಿಯ ಅಪ್ಪ ಮಾತಾಡುವ ಮನುಷ್ಯನೇ ಅಲ್ಲ. ಕುರ್ಚಿ ಮೇಲೆ ಕೂರಿಸಿದ್ದರೆ ನನಗೆ ಮತ್ತೆ "ಖುಷಿ ಆಗೇತ್ರಿ"ಯೇ ಸಿಗುತ್ತಿತ್ತು. ಮಗ್ಗದಲ್ಲಿ ಕೂತು ನೇಯುತ್ತಲೇ ಇರಿ ಎಂದೆ. ಕೈಗೆ ಕೆಲಸವಿದ್ದರೆ ಬಾಯಿ ತಾನೇ ಬಿಚ್ಚುತ್ತದೆ. ಮೊದಲನೇ ಪ್ರಶ್ನೆ ಏನು ಕೇಳಿದೆ ಎನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಬಿಟ್ಟುಕೊಡುವುದಿಲ್ಲ. ಮಗಳ ಬಗ್ಗೆ ಅಲ್ಲ, ಮದುವೆ ಬಗ್ಗೆಯೂ ಅಲ್ಲ, ಅಷ್ಟು ಹೇಳಬಲ್ಲೆ. ಹತ್ತು ನಿಮಿಷ ಆದಮೇಲೆ ಲಾಳಿ ನಿಲ್ಲಿಸಿ ಅವರು ಅಂದರು: "ಎರಡು ತಿಂಗಳಾತು, ಈ ಸೀರಿ ಮಗ್ಗದ ಮ್ಯಾಲನ ಐತಿ. ಮುಗಿಸಾಕ ಮನಸ್ಸ ಬರವಲ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಳಿಸಿದೆ ಅಂದ್ರ ಆಕಿ ಹೋದಂಗ" ಅಂದರು.

ನಾನು ಏನೂ ಅನ್ನಲಿಲ್ಲ. ಮಾತು ಮುಗಿದ ಮೇಲೂ ರೆಕಾರ್ಡಿಂಗ್ ಇಪ್ಪತ್ತು ಸೆಕೆಂಡು ಓಡಲಿ ಬಿಟ್ಟೆ. ಆ ಖಾಲಿ ದನಿ ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಜೋಡಣೆಗೆ ಬೇಕೇ ಬೇಕು.

ಇನ್ನು ಮದುವೆ ದಿನ. ಎರಡು ಕ್ಯಾಮೆರಾ, ಎಂಟೊಂಬತ್ತು ತಾಸಿನ ಫುಟೇಜ್. ಆ ಕೆಲಸ ನಿಮಗೆಲ್ಲ ಗೊತ್ತಿದ್ದದ್ದೇ. ನಾನು ಕೆಟ್ಟದ್ದು ಒಂದೇ ಕಡೆ. ಹಂದರಗಂಬಕ್ಕೆ ಕಟ್ಟಿದ ಸಣ್ಣ ರೆಕಾರ್ಡರಿನ ಮಟ್ಟವನ್ನು ಭಟ್ಟರ ಮಂಗಳಾಷ್ಟಕಕ್ಕೆ ಹೊಂದಿಸಿದ್ದೆ. ಗಟ್ಟಿಮೇಳ ಬಿದ್ದ ಕೂಡಲೇ ದನಿ ಒಡೆದು ಹೋಯಿತು. ಒಡೆದ ದನಿಯನ್ನು ಆಮೇಲೆ ಎಷ್ಟು ಇಳಿಸಿದರೂ ಅದು ಒಡೆದೇ ಇರುತ್ತದೆ. ಕ್ಯಾಮೆರಾ ದೂರ ಇದ್ದದ್ದರಿಂದ ಅದರ ದನಿ ಉಳಿದಿತ್ತು, ಅದರಿಂದ ಬಚಾವಾದೆ. ಈಗ ಬ್ಯಾಂಡಿನವರಿಗೆ ಚಹಾ ಕುಡಿಸಿ, ಬೆಳಿಗ್ಗೆಯೇ ಒಂದು ಸಲ ಜೋರಾಗಿ ಊದಿಸಿ ಮಟ್ಟ ಹೊಂದಿಸುತ್ತೇನೆ.

ಟೈಮ್‌ಲೈನ್‌ಗೆ ಮೊದಲು ಒಂದೂ ಚಿತ್ರ ಹಾಕಲಿಲ್ಲ. ಐದು ಜನರ ಮಾತು ಸೇರಿ ಒಂದು ತಾಸಿನ ಮೇಲಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕರಿ ಪರದೆಯ ಮೇಲೆ ದನಿ ಮಾತ್ರ ಜೋಡಿಸಿದೆ. ಆರು ನಿಮಿಷದಲ್ಲಿ ಮಾತು ಎರಡು ನಿಮಿಷ ದಾಟಿದರೆ ಅದು ಸಾಕ್ಷ್ಯಚಿತ್ರ ಆಗುತ್ತದೆ, ಒಂದಕ್ಕಿಂತ ಕಡಿಮೆಯಾದರೆ ಜಾಹೀರಾತು. ಹಾಗೆ ಕತ್ತರಿಸಿದ್ದನ್ನು ಮೊಬೈಲ್ ಸ್ಪೀಕರಿನಲ್ಲಿ ಹಚ್ಚಿ, ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಪಕ್ಕ ಇಟ್ಟೆ. ಎಲ್ಲಿ ಬಡಿಯುವ ಸಪ್ಪಳ ನಿಂತಿತೋ ಅಲ್ಲಿ ಮಾರ್ಕರ್ ಹಾಕಿದೆ. ಮೂರು ಸಲ ನಿಂತಿತು. ಒಂದು ಕಡೆ "ಏನಂದ್ರ ಅವ್ರು?" ಅಂದಳು. ಮಾತು ತಿಳಿಯಲಿಲ್ಲ ಎಂದರ್ಥ, ಅಲ್ಲಿ ಸಂಗೀತ ಇನ್ನಷ್ಟು ಇಳಿಸಬೇಕಾಯಿತು.

ಅಪ್ಪನ ಮಾತನ್ನು ಎರಡು ಹೋಳು ಮಾಡಿದ್ದು ಇಡೀ ಕೆಲಸದ ಜೀವಾಳ. "ಮನಸ್ಸ ಬರವಲ್ದು" ಎನ್ನುವ ತನಕ ಮೊದಲ ನಲವತ್ತು ಸೆಕೆಂಡಿನಲ್ಲಿ. ಉಳಿದರ್ಧ ಕೊನೆಗೆ. ನಡುವೆ ಎರಡು ನಿಮಿಷದ ತನಕ ಅರಿಷಿಣ, ಸುರಗಿ, ಅಜ್ಜಿಯ ಸೋಬಾನೆ. ಆಮೇಲೆ ವರನ ದಿಬ್ಬಣ, ತಮ್ಮನ ಚೇಷ್ಟೆ ಮಾತು. ಅಳಿಸುವ ಮೊದಲು ನಗಿಸದಿದ್ದರೆ ಅಳು ಹಗುರಾಗುತ್ತದೆ. ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಸಂಗೀತ ಪೂರಾ ಬಂದ್, ಬರೀ ಮಂಗಳಾಷ್ಟಕ. ನಾಲ್ಕು ನಿಮಿಷಕ್ಕೆ ಅಂತರಪಟ ಸರಿದು ಅಕ್ಕಿಕಾಳು. ಮೊದಲೆಲ್ಲ ಅಕ್ಕಿಕಾಳನ್ನು ಕೊನೆಗೆ ಇಡುತ್ತಿದ್ದೆ, ಅಲ್ಲಿಗೆ ಫಿಲ್ಮ್ ಧಡ್ ಅಂತ ಮುಗಿಯುತ್ತಿತ್ತು. ಅದಾದ ಮೇಲೆ ಹೆಣ್ಣೊಪ್ಪಿಸುವುದಕ್ಕೆ ಒಂದೂವರೆ ನಿಮಿಷ ಬೇಕು.

ಸಂಗೀತ ಆರಿಸುವಾಗ ಒಂದು ಹುಚ್ಚು ಪ್ರಯೋಗ ಮಾಡಿದೆ. ಮಗ್ಗದ ಏಟು ಎಣಿಸಿದರೆ ನಿಮಿಷಕ್ಕೆ 72ರ ಆಸುಪಾಸು ಬಂತು. ಲೈಸೆನ್ಸ್ ಕೊಂಡು ಹಾಕುವ ಸಂಗೀತದಲ್ಲಿ ಅದೇ ವೇಗದ ಒಂದು ಪಿಯಾನೊ ಹುಡುಕಿ, ಲಾಳಿಯ ಏಟಿನ ಮೇಲೆಯೇ ಅದನ್ನು ಒಳಗೆ ಬಿಟ್ಟೆ. ನಾಲ್ಕು ಏಟಿಗೆ ಮೂರು ಸೆಕೆಂಡು ಚಿಲ್ಲರೆ, ಒಂದು ಶಾಟ್‌ಗೆ ಸರಿಯಾದ ಅಳತೆ. ಅವರು ಒಂದೇ ವೇಗದಲ್ಲಿ ನೇಯುವುದಿಲ್ಲವಲ್ಲ, ಅದಕ್ಕೆ ಐದು ನಿಮಿಷದ ದನಿಯಲ್ಲಿ ಸ್ಥಿರವಾಗಿದ್ದ ಇಪ್ಪತ್ತು ಸೆಕೆಂಡು ಮಾತ್ರ ಕೆಲಸಕ್ಕೆ ಬಂತು. ಇಡೀ ಫಿಲ್ಮಿಗೆ ಮಗ್ಗವನ್ನೇ ತಾಳ ಮಾಡಿ ನೋಡಿದೆ, ತಲೆನೋವು ಬಂತು, ತೆಗೆದೆ. ಪಿಯಾನೊ ಬಿಟ್ಟರೆ ಅಜ್ಜಿಯ ಸೋಬಾನೆ ಅಷ್ಟೇ. ಅದನ್ನು ನಾನೇ ಹಿಡಿದದ್ದು, ಯಾರ ಕ್ಲೇಮೂ ಬರಲಿಲ್ಲ.

ಕೊನೆಯ ಶಾಟ್ ಮಾತ್ರ ಮದುವೆ ಆದ ಮೂರನೇ ದಿನ ಮತ್ತೆ ಹೋಗಿ ತೆಗೆದದ್ದು. ಪೆಟ್ರೋಲ್ ನನ್ನದೇ. ಖಾಲಿ ಮಗ್ಗ, ಕಿಟಕಿಯ ಬಿಸಿಲು, ಅದರ ಮೇಲೆ "ಇಳಿಸಿದೆ ಅಂದ್ರ ಆಕಿ ಹೋದಂಗ".

ಮೊದಲು ಹೈಲೈಟ್‌ಗೆ ಎಂಟು ಸಾವಿರ ಕೊಡಲು ಚೌಕಾಶಿ ಮಾಡುತ್ತಿದ್ದರು. ಈಗ ಹದಿನೆಂಟು ಅನ್ನುತ್ತೇನೆ, ಹದಿನೈದಕ್ಕೆ ಇಳಿಯುತ್ತೇನೆ. ಪೂರ್ತಿ ಮದುವೆಯ ಉದ್ದನೆಯ ವಿಡಿಯೋ ಮಾತ್ರ ಬೇರೆ ಕೊಡಲೇಬೇಕು, ಇಲ್ಲದಿದ್ದರೆ ಜಗಳ. ಬೀಗರ ಕಡೆಯ ಸೋದರಮಾವ ಇವತ್ತಿಗೂ ಸಿಕ್ಕಲ್ಲೆಲ್ಲ ಕೇಳುತ್ತಾರೆ: "ಆರು ನಿಮಿಷದಾಗ ನಾ ಎಲ್ಲಿ ಅದೀನೋ?" ಅದಾರ, ಮೂರು ನಿಮಿಷ ಐದನೇ ಸೆಕೆಂಡಿಗೆ, ಮೀಸಿ ತಿರುವಿಕೋತ. ಕಣ್ಣು ಮಿಟುಕಿಸಿದರೆ ತಪ್ಪಿ ಹೋಗ್ತಾರ.