ಸಾಕ್ಷಿಯ ತೂತಿಗೆ ನಾನೇ ತೇಪೆ ಹಾಕಿದ್ದು

ದಾವಣಗೆರೆಯಲ್ಲಿ ಕಾನೂನು ಓದುವಾಗ ಅಣಕು ವಿಚಾರಣೆಯಲ್ಲಿ ಎರಡು ಸಲ ಆರೋಪಿ ಪರ ವಕೀಲನಾಗಿದ್ದೆ. ಎರಡೂ ಸಲ ಕೇಸು ಒಂದೇ. ಪಿ.ಬಿ. ರಸ್ತೆಯ ಬೆಣ್ಣೆದೋಸೆ ಹೋಟೆಲಿನ ಮುಂದೆ ರಾತ್ರಿ 9ಕ್ಕೆ ಚಾಕು ಇರಿತ. ಎದುರಿನ ಬೀಡಾ ಅಂಗಡಿಯವನು ಕಣ್ಣಾರೆ ಕಂಡ ಸಾಕ್ಷಿ. ಆಗ ಕರೆಂಟ್ ಹೋಗಿತ್ತು ಎಂದು ಪೊಲೀಸರ ಮುಂದೆ ಅವನೇ ಹೇಳಿದ್ದ.

ಮೊದಲ ಸಲ ಖುಷಿಯಿಂದ ಕೇಳಿದೆ: "ಹಾಗಾದರೆ ಕತ್ತಲಲ್ಲಿ ಮುಖ ಹೇಗೆ ಕಾಣಿಸಿತು?" ಅವನು ತಣ್ಣಗೆ, "ಹೋಟೆಲಿನ ಯುಪಿಎಸ್ ಲೈಟ್ ಇತ್ತು ಸಾರ್" ಅಂದ. ಅಲ್ಲಿಗೆ ನನ್ನ ಪಾಟೀ ಸವಾಲು ಮುಗಿದ ಹಾಗೆಯೇ.

ಎರಡನೇ ಸಲ "ಹೇಗೆ", "ಯಾಕೆ" ಎರಡನ್ನೂ ಕೈಬಿಟ್ಟೆ. ಪಾಟೀ ಸವಾಲಿನಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳಬಹುದಲ್ಲ, ಒಂದೊಂದರಲ್ಲೂ ಒಂದೇ ಸಂಗತಿ ಇಟ್ಟೆ. ಎಲ್ಲವೂ ಅವನ ಪೊಲೀಸ್ ಹೇಳಿಕೆಯಿಂದಲೇ ತೆಗೆದದ್ದು.

"ಆಗ ಕರೆಂಟ್ ಇರಲಿಲ್ಲ, ಸರಿಯೇ?"
"ನೀವು ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದಿರಿ?"
"ಕೂಗು ಕೇಳಿದ ಮೇಲೆ ತಲೆ ಎತ್ತಿದಿರಿ?"
"ಅಷ್ಟೊತ್ತಿಗೆ ಗಾಯಾಳು ನೆಲದ ಮೇಲೆ ಬಿದ್ದಿದ್ದ?"

ನಾಲ್ಕಕ್ಕೂ ಸರಿ ಅಂದ. "ಅಂದಮೇಲೆ ಇರಿದದ್ದನ್ನು ನೀವು ನೋಡಿಲ್ಲ ಅಲ್ವಾ?" ಎಂಬುದು ನಾಲಿಗೆ ತುದಿಗೆ ಬಂದಿತ್ತು. ಕೇಳಿದ್ದರೆ ಮತ್ತೊಂದು ಯುಪಿಎಸ್ ಲೈಟ್ ಹೊತ್ತಿಕೊಳ್ಳುತ್ತಿತ್ತು. ಅದನ್ನು ವಾದಕ್ಕೆ ಇಟ್ಟುಕೊಂಡೆ.

ಇನ್ನೊಂದು ತೂತು ಬೇರೆ ಥರದ್ದು. ಆರೋಪಿಯ ಕೈಯಲ್ಲಿ ಚಾಕು ನೋಡಿದೆ ಎಂದು ಮುಖ್ಯ ವಿಚಾರಣೆಯಲ್ಲಿ, ಅಂದರೆ ಅವನನ್ನು ಕರೆಸಿದ ಕಡೆಯ ವಕೀಲರು ಮೊದಲು ಪ್ರಶ್ನಿಸುವಾಗ, ಹೇಳಿದ. ಪೊಲೀಸ್ ಹೇಳಿಕೆಯಲ್ಲಿ ಆ ಮಾತೇ ಇಲ್ಲ. ಮೊದಲು ತಪ್ಪಿಸಿಕೊಳ್ಳುವ ದಾರಿ ಮುಚ್ಚಬೇಕು: "ಘಟನೆ ಆದ ಮಾರನೇ ದಿನವೇ ಹೇಳಿಕೆ ಕೊಟ್ಟಿರಿ? ಆಗ ಎಲ್ಲವೂ ಚೆನ್ನಾಗಿ ನೆನಪಿತ್ತು? ಗೊತ್ತಿದ್ದದ್ದನ್ನೆಲ್ಲ ಹೇಳಿದಿರಿ?" ಆಮೇಲೆ: "ಆರೋಪಿಯ ಕೈಯಲ್ಲಿ ಚಾಕು ಇತ್ತೆಂದು ಪೊಲೀಸರ ಮುಂದೆ ಹೇಳಿಲ್ಲ ಎಂದರೆ ಸರಿಯೇ?" ಅವನು "ಹೇಳಿದ್ದೇನೆ" ಎಂದ. ಜಗಳಕ್ಕೆ ಹೋಗಲಿಲ್ಲ. ಹೇಳಿಕೆಯಲ್ಲಿ ಆ ಮಾತು ಇರಬೇಕಿದ್ದ ಭಾಗಕ್ಕೆ ಅವನ ಗಮನ ಸೆಳೆದು ಮುಂದೆ ಹೋದೆ; 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 148ನೇ ಕಲಮು ಕೇಳುವುದೂ ಅದನ್ನೇ. ತನಿಖಾಧಿಕಾರಿ ಸಾಕ್ಷಿ ಕಟ್ಟೆಗೆ ಬಂದಾಗ, "ಈ ಸಾಕ್ಷಿ ನಿಮ್ಮ ಮುಂದೆ ಹಾಗೆ ಹೇಳಿಲ್ಲ ಅಲ್ಲವೇ?" ಎಂದು ಕೇಳಿ ಹೌದೆನ್ನಿಸಿದೆ. ಇದನ್ನು ಮರೆತರೆ ಮೊದಲು ಪಟ್ಟ ಪಾಡೆಲ್ಲ ದಂಡ.

ಬಿಟ್ಟುಹೋದ ಮಾತೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಅಂಗಿಯ ಬಣ್ಣ ಹೇಳಿರಲಿಲ್ಲ ಎಂದೂ ಶುರು ಮಾಡಿದ್ದೆ. ನ್ಯಾಯಾಧೀಶರಾಗಿ ಕೂತಿದ್ದ ಹಿರಿಯ ವಕೀಲರು, "ಅಂಗಿ ಬಿಡಪ್ಪ, ಚಾಕುಗೆ ಬಾ" ಅಂದರು.

ಕೊನೆಗೆ ನಮ್ಮ ಕಥೆಯನ್ನು ಅವನ ಮುಂದಿಟ್ಟೆ: "ನೀವು ಇರಿದದ್ದನ್ನು ನೋಡಿಯೇ ಇಲ್ಲ, ಜನ ಆಡಿಕೊಂಡದ್ದನ್ನು ಕೇಳಿ ಸಾಕ್ಷಿ ಹೇಳುತ್ತಿದ್ದೀರಿ ಎಂದರೆ ಸರಿಯೇ?" ಇದು ಪ್ರಶ್ನೆಯ ರೂಪದ ಸೂಚನೆ, ಹಾಗೆ ಕೇಳದಿದ್ದರೆ ಅವನ ಮಾತನ್ನು ನಾವೇ ಒಪ್ಪಿಕೊಂಡೆವು ಎಂದು ಎದುರಿನವರು ವಾದಿಸುತ್ತಾರೆ. ನಿರೀಕ್ಷಿಸಿದಂತೆ "ಸರಿಯಲ್ಲ" ಅಂದ. ನನ್ನ ಜೊತೆಯ ವಕೀಲ ಇನ್ನೊಂದು ಪ್ರಶ್ನೆ ಬರೆದ ಚೀಟಿ ಮುಂದೆ ತಳ್ಳಿದ. ಓದದೆ ಮಡಚಿ ಜೇಬಿಗೆ ಹಾಕಿಕೊಂಡು ಕೂತೆ.