ಬೀಗದ ಕೈ ಎಲ್ಲಿಂದ ಬಂತು?

ಕಿರುಚಿತ್ರದ ಎಡಿಟಿಂಗ್ ಮುಗಿಯುವ ಹೊತ್ತಿಗೆ 14ನೇ ದೃಶ್ಯ ಎಳೆಯುತ್ತಿದೆ ಎಂದು ಪೂರ್ತಿ ತೆಗೆದಿದ್ದೆವು. ಅಕ್ಕನಿಗೆ ಅತ್ತೆ ಬೀಗದ ಕೈ ಕೊಡುವುದು ಅದರಲ್ಲೇ ಇತ್ತು. 15ರಲ್ಲಿ ಅಕ್ಕ ಅಪ್ಪನ ಬೀರು ತೆರೆಯುತ್ತಾಳೆ. ಮೊದಲ ಸಲ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳಿದರು: ಕೈ ಅವಳಿಗೆ ಎಲ್ಲಿಂದ ಬಂತು? ನಮಗೆ ಕಥೆ ಬಾಯಿಪಾಠವಾಗಿದ್ದರಿಂದ ಆ ಕಂದಕ ಕಂಡಿರಲಿಲ್ಲ.

ತಮ್ಮನ ಪಾತ್ರಧಾರಿ ಊರಲ್ಲಿರಲಿಲ್ಲ, ಶೂಟಿಂಗ್ ಮಾಡಿದ ಮನೆಯೂ ಸಿಗುವಂತಿರಲಿಲ್ಲ. ಹಾಗಾಗಿ ದೃಶ್ಯವನ್ನು ಮತ್ತೆ ಚಿತ್ರೀಕರಿಸದೆ, ಅಕ್ಕನ ಒಂದು ಮಾತನ್ನು ಡಬ್ಬಿಂಗ್‌ನಲ್ಲಿ ಸೇರಿಸಿ ಕಂದಕ ಮುಚ್ಚಬೇಕಿತ್ತು. ಅದನ್ನು ಬರೆಯುವ ಮೊದಲು ಎಡಿಟಿಂಗ್ ಟೈಮ್‌ಲೈನ್ ಮುಂದೆ ಕೂತು ಜಾಗ ಹುಡುಕಿದೆ. ಅಕ್ಕ ಕ್ಯಾಮೆರಾಗೆ ಬೆನ್ನು ಹಾಕಿ ನಿಂತ ಒಂದು ಶಾಟ್ ಇತ್ತು. ತುಟಿ ಕಾಣುವುದಿಲ್ಲ, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 56 ಫ್ರೇಮ್, ಅಂದರೆ ಎರಡು ಸೆಕೆಂಡಿಗೆ ತುಸು ಹೆಚ್ಚು.

ಮೊದಲು ಬರೆದದ್ದು: "ಅಪ್ಪನ ಬೀರುವಿನ ಬೀಗದ ಕೈನ ಅತ್ತೆ ಇವತ್ತು ನನಗೆ ಕೊಟ್ಟರು." ಗಡಿಯಾರ ಹಿಡಿದು ಗಟ್ಟಿಯಾಗಿ ಓದಿದರೆ ನಾಲ್ಕು ಸೆಕೆಂಡ್. ಉದ್ದಕ್ಕಿಂತ ದೊಡ್ಡ ತೊಂದರೆ ಎಂದರೆ, ಅದು ತಮ್ಮನಿಗಲ್ಲ, ಪ್ರೇಕ್ಷಕರಿಗೆ ಹೇಳಿದ ಮಾತಾಗಿತ್ತು. ಮುಂದಿನ ಶಾಟ್‌ನಲ್ಲಿ ತಮ್ಮ ಬಾಗಿಲಲ್ಲಿ ನಿಂತು ತಲೆ ತಗ್ಗಿಸುತ್ತಾನೆ. ಅದು ಆಗಲೇ ಚಿತ್ರೀಕರಣವಾಗಿರುವ ಉತ್ತರ. ನಾನು ಬರೆಯಬೇಕಿದ್ದದ್ದು ಅದನ್ನು ಹುಟ್ಟಿಸುವ ಮಾತು. ಬೀಗದ ಕೈಯನ್ನು ಇನ್ಸರ್ಟ್, ಅಂದರೆ ನಡುವೆ ಸೇರಿಸಲು ಬೇರೆಯಾಗಿ ಚಿತ್ರೀಕರಿಸುವ ಪುಟ್ಟ ಶಾಟ್, ತೋರಿಸುತ್ತದೆ ಎಂದಾದರೆ, ಯಾರ ಹತ್ತಿರ ಇತ್ತು ಎಂಬುದಷ್ಟೇ ಮಾತಿಗೆ ಉಳಿಯಿತು. ಕೊನೆಗೆ ನಿಂತದ್ದು: "ಅತ್ತೆ ಹತ್ರಾನೇ ಇತ್ತು. ಇಷ್ಟು ದಿನ." ಆ "ಇಷ್ಟು ದಿನ" ಕೇಳಿದ ಮೇಲೆ ತಮ್ಮನ ತಲೆ ತಗ್ಗುವುದಕ್ಕೆ ನೋವಿನ ಅರ್ಥ ಬಂತು. ಇಂಥ ಮಾತು ಒಂದೇ ಒಂದು ಸಂಗತಿಯನ್ನು ಹೊರುತ್ತದೆ. ಎರಡನೆಯದನ್ನು ಹೇರಿದರೆ ತೇಪೆ ಎದ್ದು ಕಾಣುತ್ತದೆ.

ಇನ್ಸರ್ಟ್‌ಗೆ ಛಾಯಾಗ್ರಾಹಕರಿಗೆ ಕೊಟ್ಟ ಟಿಪ್ಪಣಿ ಇಷ್ಟು:

"15ಎ. ಕ್ಲೋಸಪ್. ಅಕ್ಕನ ಬಲಗೈ, ಮಣಿಕಟ್ಟಿನವರೆಗೆ ಹಳದಿ ತೋಳು, ಬಳೆ ಇಲ್ಲ. ಅಂಗೈಯಲ್ಲಿ ಬೀಗದ ಕೈ, ಬೆರಳು ಮೆಲ್ಲಗೆ ಮುಚ್ಚುತ್ತವೆ. ಕಿಟಕಿ ಬೆಳಕು ಎಡದಿಂದ. ಹಿಂದೆ ಕಂದು ಮರ, ಮಸುಕಾಗಿ. ಅಕ್ಕನ ಕೈ ಎಡದಿಂದ ಫ್ರೇಮಿಗೆ ಬರಲಿ. ಚಿತ್ರದಲ್ಲಿ ಒಂದೂವರೆ ಸೆಕೆಂಡ್, ತೆಗೆಯುವುದು ಹತ್ತು."

ಜೊತೆಗೆ ಹಿಂದಿನ, ಮುಂದಿನ ಶಾಟ್‌ಗಳ ಸ್ಟಿಲ್ ಇಟ್ಟೆ. ಆದರೂ ಒಂದು ಬಿಟ್ಟುಹೋಯಿತು: 19ನೇ ದೃಶ್ಯದಲ್ಲಿ ಅದೇ ಬೀಗದ ಕೈಗೆ ಕೆಂಪು ದಾರ ಕಟ್ಟಿದೆ. ಎಡಿಟರ್ ಹೇಳಿದ ಮೇಲೆ ದಾರ ಕಟ್ಟಿ ಆ ಶಾಟ್ ಮತ್ತೆ ಚಿತ್ರೀಕರಿಸಿದೆವು. ಈಗ ಆ ವಸ್ತು ಬರುವ ಎಲ್ಲ ದೃಶ್ಯ ನೋಡಿಯೇ ಟಿಪ್ಪಣಿ ಬರೆಯುತ್ತೇನೆ.

ಡಬ್ಬಿಂಗ್‌ನಲ್ಲಿ ಕಲಾವಿದೆಯ ದನಿ ತೀರಾ ಹತ್ತಿರ, ತೀರಾ ಶುದ್ಧವಾಗಿ ಕೇಳಿಸಿತು. ಮೈಕ್ ದೂರ ಸರಿಸಿ, 15ರ ಹಿಂದಿನ ಸಂಭಾಷಣೆ ಕೇಳಿಸಿ, ಅದೇ ತಗ್ಗಿದ ದನಿಯಲ್ಲಿ ಹೇಳಿಸಿದೆವು. ಕೆಳಗೆ ಶೂಟಿಂಗ್ ವೇಳೆ ಆ ಮನೆಯಲ್ಲೇ ಮುದ್ರಿಸಿದ ರೂಮ್ ಟೋನ್, ಅಂದರೆ ಯಾರೂ ಮಾತಾಡದಿರುವಾಗಿನ ಕೋಣೆಯ ಸದ್ದು, ಹಾಸಿದ ಮೇಲೆ ಮಾತು ಶಾಟ್‌ಗೆ ಅಂಟಿತು.

ಮತ್ತೆ ತೋರಿಸಿದಾಗ ಬೀಗದ ಕೈ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅತ್ತೆ ಯಾಕೆ ಬಚ್ಚಿಟ್ಟಿದ್ದರು ಎಂದು ಕೇಳಿದರು. 22ನೇ ದೃಶ್ಯ ಇರುವುದು ಅದಕ್ಕೇ.