ಕಾನೂನು ಪತ್ರಿಕೆಗೆ ತೀರ್ಪಿನ ಟಿಪ್ಪಣಿ ಬರೆಯುವುದು ಹೇಗೆ?

ಶಿರಸಿಯ ನನ್ನ ಕಚೇರಿಗೆ ಪ್ರತಿ ಮಳೆಗಾಲದಲ್ಲೂ ಇಬ್ಬರು ಮೂವರು ಕಾನೂನು ವಿದ್ಯಾರ್ಥಿಗಳು ತಾವು ಬರೆದ ಕೇಸ್ ಕಾಮೆಂಟನ್ನು ತಿದ್ದಿಸಿಕೊಳ್ಳಲು ಬರುತ್ತಾರೆ. ಹನ್ನೆರಡು ಪುಟಗಳಿದ್ದರೆ ಹನ್ನೊಂದರಲ್ಲಿ ತೀರ್ಪಿನ ಸಾರಾಂಶವಿರುತ್ತದೆ. ಹನ್ನೆರಡನೆಯ ಪುಟದಲ್ಲಿ ‘ಈ ತೀರ್ಪು ಸ್ವಾಗತಾರ್ಹ’ ಎಂಬ ಒಂದು ಸಾಲಿರುತ್ತದೆ. ಸಂಪಾದಕರು ಮರಳಿಸುವುದು ಇಂಥದ್ದನ್ನೇ. ತೀರ್ಪು ಏನು ಹೇಳಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅದರ ತರ್ಕ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಕೇಳಲು ಅವರು ಕಾದಿರುತ್ತಾರೆ.

ಉದಾಹರಣೆಗೆ ಒಂದೇ ತೀರ್ಪನ್ನು ಹಿಡಿದುಕೊಳ್ಳೋಣ. ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ, ಸುಪ್ರೀಂ ಕೋರ್ಟ್, 11 ಆಗಸ್ಟ್ 2020, (2020) 9 ಎಸ್‌ಸಿಸಿ 1. ನಮ್ಮ ಕಡೆಯ ಅಡಿಕೆ ತೋಟದ ಪಾಲಿನ ದಾವೆಗಳಲ್ಲಿ ಈ ತೀರ್ಪಿನ ಹೆಸರು ಬಾರದ ದಿನ ಅಪರೂಪ.

1. ತೀರ್ಪನ್ನು ಆರಿಸುವುದು

ಹಿಂದಿನ ತೀರ್ಪುಗಳ ನಡುವಿನ ಜಗಳವನ್ನು ಬಗೆಹರಿಸಿದ, ಅಥವಾ ಹೊಸ ಜಗಳವನ್ನು ಹುಟ್ಟುಹಾಕಿದ ತೀರ್ಪನ್ನೇ ಆರಿಸಿಕೊಳ್ಳಿ. ವಿನೀತಾ ಶರ್ಮಾ ಎರಡನ್ನೂ ಮಾಡಿದೆ.

2. ಓದುವುದು

ವರದಿಯ ಮೇಲ್ಭಾಗದ ಹೆಡ್‌ನೋಟನ್ನು ಸಂಪಾದಕರು ಬರೆದಿರುತ್ತಾರೆ, ನ್ಯಾಯಾಧೀಶರಲ್ಲ. ಅದನ್ನು ನ್ಯಾಯಾಲಯದ ಮಾತೆಂದು ಉಲ್ಲೇಖಿಸಿದ ಟಿಪ್ಪಣಿಯನ್ನು ನಾನು ಅಲ್ಲಿಗೇ ಮಡಚಿಡುತ್ತೇನೆ. ಪರೀಕ್ಷೆಯ ಗೈಡುಗಳಂತೂ ಇನ್ನೂ ಅಪಾಯಕಾರಿ. ಒಬ್ಬ ಹುಡುಗ ತಂದಿದ್ದ ಗೈಡಿನಲ್ಲಿ ಈ ತೀರ್ಪಿನ ಐದು ಅಂಶಗಳ ತೀರ್ಮಾನ ನಾಲ್ಕಕ್ಕೆ ಇಳಿದಿತ್ತು, ಬಿಟ್ಟುಹೋಗಿದ್ದುದು ನಮಗೆ ಬೇಕಾದ ಐದನೆಯದೇ.

ಇನ್ನೊಂದು ಅಡ್ಡದಾರಿ ಎಂದರೆ ಕೊನೆಯ ತೀರ್ಮಾನದ ಭಾಗವನ್ನು ಮಾತ್ರ ಓದುವುದು. ಇದರಿಂದ ಏನು ತಪ್ಪಿಹೋಗುತ್ತದೆ ಎಂಬುದು ಮೂರನೆಯ ಹೆಜ್ಜೆಯಲ್ಲಿ ತಾನಾಗಿ ಕಾಣುತ್ತದೆ. ಇಡೀ ತೀರ್ಪನ್ನು ಎರಡು ಸಲ ಓದಿ. ಎರಡನೆಯ ಸಲ ಪೆನ್ಸಿಲ್ ಹಿಡಿದು, ನ್ಯಾಯಾಲಯ ‘ಆದರೆ’ ಎಂದ ಕಡೆಯಲ್ಲೆಲ್ಲ ಅಂಚಿನಲ್ಲಿ ಗೀಟು ಹಾಕಿ.

3. ವಿಮರ್ಶೆಯ ಕೋನವನ್ನು ಹುಡುಕುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ‘ತೀರ್ಪು ಲಿಂಗ ಸಮಾನತೆಯನ್ನು ಎತ್ತಿಹಿಡಿದಿದೆ’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದ್ದರಿಂದಲೇ ಅದು ಕೋನವಾಗುವುದಿಲ್ಲ. ನಿಮ್ಮ ವಾಕ್ಯವನ್ನು ಓದಿದ ಬುದ್ಧಿವಂತ ವಕೀಲರೊಬ್ಬರು ‘ಇಲ್ಲ, ನನಗೆ ಹಾಗನ್ನಿಸುವುದಿಲ್ಲ’ ಎನ್ನಲು ಸಾಧ್ಯವಿದ್ದರೆ ಮಾತ್ರ ನಿಮ್ಮ ಕೈಗೆ ಕೋನ ಸಿಕ್ಕಿದೆ ಎಂದರ್ಥ.

ವಿನೀತಾ ಶರ್ಮಾದ ಮುಖ್ಯ ನಿರ್ಣಯ ಸರಳವಾದದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿಗೆ 2005ರಲ್ಲಿ ಬಂದ ತಿದ್ದುಪಡಿಯಂತೆ ಮಗಳು ಹುಟ್ಟಿನಿಂದಲೇ ಸಹದಾಯಾದಿ; ಆದ್ದರಿಂದ ತಿದ್ದುಪಡಿ ಜಾರಿಗೆ ಬಂದ 9 ಸೆಪ್ಟೆಂಬರ್ 2005ರಂದು ತಂದೆ ಬದುಕಿರಬೇಕೆಂಬ ಷರತ್ತಿಲ್ಲ. ಇದರ ಬಗ್ಗೆ ಈಗಾಗಲೇ ಸಾಕಷ್ಟು ಬರಹಗಳು ಬಂದಿವೆ. ನಾನಾಗಿದ್ದರೆ ಇದನ್ನು ಬಿಟ್ಟು ಐದನೆಯ ತೀರ್ಮಾನವನ್ನು, ಅಂದರೆ ಬಾಯ್ಮಾತಿನ ಪಾಲಿನ ಪ್ರಶ್ನೆಯನ್ನು ಹಿಡಿಯುತ್ತೇನೆ.

20 ಡಿಸೆಂಬರ್ 2004ಕ್ಕೆ ಮೊದಲು ಆಗಿಹೋದ ಪಾಲಿಗೆ 6ನೇ ಕಲಮು ಅನ್ವಯಿಸುವುದಿಲ್ಲ ಎಂದು 5ನೇ ಉಪಕಲಮು ಹೇಳುತ್ತದೆ. ಪಾಲು ಎಂದರೆ ನೋಂದಾಯಿತ ವಿಭಾಗಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದದ್ದು ಎಂದು ಅದರ ವಿವರಣೆ ಬಾಗಿಲು ಮುಚ್ಚುತ್ತದೆ. ನ್ಯಾಯಾಲಯ ಆ ಬಾಗಿಲನ್ನು ಸ್ವಲ್ಪ ತೆರೆಯಿತು. ಅಪವಾದದ ಪ್ರಸಂಗಗಳಲ್ಲಿ, ಬಾಯ್ಮಾತಿನ ಪಾಲಿಗೆ ಸಾರ್ವಜನಿಕ ದಸ್ತಾವೇಜುಗಳ ಬೆಂಬಲವಿದ್ದು, ಡಿಕ್ರಿಯಿಂದಲೇ ಆದಷ್ಟು ಖಚಿತವಾಗಿ ಅದು ಕಂಡುಬಂದರೆ ಒಪ್ಪಬಹುದು ಎಂದಿತು. ಹಿಂದೆ ಪಾಲನ್ನು ನೋಂದಾಯಿಸುವುದು ಕಡ್ಡಾಯವಿರಲಿಲ್ಲ, ಮನೆತನದ ಮರ್ಯಾದೆಗಾಗಿ ಜನ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದುದು ಅಪರೂಪ ಎಂಬುದು ಅದು ಕೊಟ್ಟ ಕಾರಣ. ಜಗಲಿಯ ಮೇಲೆ ಕುಳಿತು, ಊರ ಹಿರಿಯರೊಬ್ಬರ ಎದುರಿನಲ್ಲಿ ತೋಟ, ಗದ್ದೆ, ಬೆಟ್ಟ ಹಂಚಿಕೊಂಡು ಎದ್ದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿವೆಯೆಂದು ಬಲ್ಲವರಿಗೆ ಈ ಕಾರಣ ಕೃತಕ ಎನ್ನಿಸುವುದಿಲ್ಲ.

ಇಲ್ಲಿ ಪೆನ್ಸಿಲಿನ ಗೀಟು ಕೆಲಸಕ್ಕೆ ಬರುತ್ತದೆ. ತೀರ್ಪಿನ ಒಡಲಲ್ಲಿ ನ್ಯಾಯಾಲಯ ಇನ್ನೊಂದು ಎಚ್ಚರಿಕೆ ಕೊಟ್ಟಿದೆ. ಇಂಥ ಪಾಲು ನಡೆದಿದೆ ಎಂಬ ನಿರ್ಣಯಕ್ಕೆ ಸಂಭವನೀಯತೆಯ ಮೇಲುಗೈ ಸಾಲದು ಎಂಬುದೇ ಆ ಎಚ್ಚರಿಕೆ. ಸಿವಿಲ್ ದಾವೆಯಲ್ಲಿ ರುಜುವಾತಿನ ಸಾಮಾನ್ಯ ಅಳತೆಯೇ ಅದು; ಅದನ್ನೇ ಇಲ್ಲಿ ಬದಿಗಿಟ್ಟಿದ್ದಾರೆ. ಕೊನೆಯ ಐದು ಅಂಶಗಳಲ್ಲಿ ಈ ಮಾತಿಲ್ಲ. ಆದ್ದರಿಂದ ಬಾಲವನ್ನು ಮಾತ್ರ ಓದಿದವರ ಟಿಪ್ಪಣಿಯಲ್ಲೂ ಅದು ಇರುವುದಿಲ್ಲ.

ಈಗ ಒಂದು ಕಲ್ಪಿತ ಪ್ರಸಂಗವನ್ನು ಈ ಪರೀಕ್ಷೆಗೆ ಒಡ್ಡಿ ನೋಡಿ. 1987ರಲ್ಲಿ ಒಬ್ಬ ತಂದೆ ಮತ್ತು ಇಬ್ಬರು ಗಂಡುಮಕ್ಕಳು ಬಾಯ್ಮಾತಿನಲ್ಲಿ ತೋಟ ಹಂಚಿಕೊಂಡರು. ತಹಶೀಲ್ದಾರರ ಕಚೇರಿಗೆ ವರ್ದಿ ಕೊಟ್ಟರು, ಮ್ಯುಟೇಷನ್ ಆಯಿತು, ಪಹಣಿ ಬೇರೆಬೇರೆ ಆಯಿತು, ಸೊಸೈಟಿಯಲ್ಲಿ ಮೂವರೂ ಬೇರೆ ಖಾತೆ ತೆರೆದು ಅಡಿಕೆ ಹಾಕತೊಡಗಿದರು. 1985ರಲ್ಲಿ ಮದುವೆಯಾಗಿ ಹೋದ ಮಗಳು 2021ರಲ್ಲಿ ಪಾಲು ಕೇಳಿ ದಾವೆ ಹೂಡಿದಳು.

ಮ್ಯುಟೇಷನ್ ನಮೂದು ಸಾರ್ವಜನಿಕ ದಸ್ತಾವೇಜು. ಆದರೆ ಅದು ಯಾವುದಕ್ಕೆ ಸಾಕ್ಷಿ? ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಆ ನಮೂದನ್ನು ನಿಜವೆಂದು ಭಾವಿಸಬೇಕಾದರೂ, ಅದು ತಪ್ಪೆಂದು ತೋರಿಸುವ ಅವಕಾಶ ಇದ್ದೇ ಇದೆ. ಅಧಿಕಾರಿ ಬರೆದುಕೊಂಡದ್ದು ಗಂಡಸರು ಮೂವರು ಹೇಳಿದ್ದನ್ನು. ಆಗ ಮಗಳು ಸಹದಾಯಾದಿಯಲ್ಲದ ಕಾರಣ ಅವಳನ್ನು ಕೇಳುವ ಪ್ರಶ್ನೆಯೇ ಬಂದಿರಲಿಲ್ಲ. ಅಂದರೆ ಆ ನಮೂದು ಗಟ್ಟಿಯಾಗಿ ಹೇಳುವುದು ಒಂದೇ ಮಾತನ್ನು: 1987ರಲ್ಲಿ ಇಂಥದ್ದೊಂದು ಹೇಳಿಕೆ ಇತ್ತು, ಅದು 2005ರ ನಂತರ ಹುಟ್ಟಿದ ಕಥೆಯಲ್ಲ.

ಸೊಸೈಟಿಯ ಖಾತೆ ಸಾಮಾನ್ಯವಾಗಿ ಸಾರ್ವಜನಿಕ ದಸ್ತಾವೇಜು ಎನಿಸಿಕೊಳ್ಳುವುದಿಲ್ಲ. ಆದರೂ ಮೂವತ್ತು ವರ್ಷ ಮೂರು ಹೆಸರಿನಲ್ಲಿ ಅಡಿಕೆಯ ತೂಕ, ಸಾಲ, ಮರುಪಾವತಿ ಬೇರೆಬೇರೆಯಾಗಿ ದಾಖಲಾದ ಖಾತೆ, ಪಾಲು ನಿಜವಾಗಿ ಜಾರಿಯಾಗಿತ್ತು ಎಂಬುದನ್ನು ಮ್ಯುಟೇಷನ್ನಿಗಿಂತ ಚೆನ್ನಾಗಿ ತೋರಿಸುತ್ತದೆ. ಇನ್ನೊಂದು ಕಡೆ, 2004ರ ಡಿಸೆಂಬರ್ ಮೊದಲ ವಾರದಲ್ಲಿ ಅವಸರವಾಗಿ ಮಾಡಿಸಿದ ಮ್ಯುಟೇಷನ್ ಸಾರ್ವಜನಿಕವೇ ಆದರೂ ಅನುಮಾನಕ್ಕೆ ಎಡೆಯಿದೆ.

ಕೋನ ಹುಟ್ಟುವುದು ಇಲ್ಲಿ. ನನ್ನ ಟಿಪ್ಪಣಿಯ ಪ್ರಮೇಯವನ್ನು ನಾನು ಹೀಗೆ ಬರೆಯುತ್ತೇನೆ: ‘ನ್ಯಾಯಾಲಯಕ್ಕಿದ್ದ ಭಯ ನಂತರ ಸೃಷ್ಟಿಸಿದ ದಾಖಲೆಗಳದ್ದು; ಆ ಭಯಕ್ಕೆ ಮದ್ದು ದಾಖಲೆಯ ಸಮಕಾಲೀನತೆಯೇ ಹೊರತು ಅದರ ಸಾರ್ವಜನಿಕತೆಯಲ್ಲ; ಎರಡನ್ನೂ ಒಟ್ಟಿಗೆ ಕಟ್ಟಿದ್ದರಿಂದ ಪರೀಕ್ಷೆ ಕೆಲವು ನಂಬಬಹುದಾದ ಸಾಕ್ಷ್ಯವನ್ನು ಹೊರಗಿಟ್ಟು, ಕೆಲವು ಪೊಳ್ಳು ಸಾಕ್ಷ್ಯವನ್ನು ಒಳಗೆ ಬಿಟ್ಟುಕೊಳ್ಳುತ್ತದೆ.’ ಇದನ್ನು ಒಪ್ಪದವರು ಖಂಡಿತ ಇದ್ದಾರೆ. ಅವರ ಅತ್ಯಂತ ಬಲವಾದ ಉತ್ತರವನ್ನು ನೀವೇ ಬರೆಯಬೇಕು: ಖಾಸಗಿ ಖಾತೆಗಳು ಗಂಡುಮಕ್ಕಳ ಹಿಡಿತದಲ್ಲಿರುತ್ತವೆ, ಅವುಗಳನ್ನು ಪರೀಕ್ಷಿಸುವ ದಾರಿ ಮದುವೆಯಾಗಿ ದೂರ ಹೋದ ಮಗಳಿಗೆ ಇರುವುದಿಲ್ಲ, ಸರ್ಕಾರಿ ದಾಖಲೆಯಾದರೆ ದೃಢೀಕೃತ ನಕಲಾದರೂ ಸಿಗುತ್ತದೆ. ಈ ಉತ್ತರಕ್ಕೆ ಒಂದು ಪ್ಯಾರಾ ಕೊಡಿ, ನಂತರ ನಿಮ್ಮ ಮಾತು ಎಷ್ಟರ ಮಟ್ಟಿಗೆ ಉಳಿಯಿತು ಎಂದು ಪ್ರಾಮಾಣಿಕವಾಗಿ ಹೇಳಿ. ನನ್ನ ಪ್ರಮೇಯ ಇಲ್ಲಿ ಸ್ವಲ್ಪ ಕುಗ್ಗುತ್ತದೆ: ಮೂರನೆಯವರ ಕೈಯಲ್ಲಿ ಇಡಲಾಗಿದ್ದ ಖಾತೆಗಳಿಗೆ ಮಾತ್ರ ಅದು ನಿಲ್ಲುತ್ತದೆ. ಕುಗ್ಗಿದರೂ ಅದು ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಒಂದು ಪಕ್ಕದ ಮಾತು. ಪೀಠದ ತೀರ್ಮಾನಕ್ಕೆ ಒಪ್ಪಿಸಿದ್ದ ಪ್ರಶ್ನೆ ತಂದೆ ಬದುಕಿರಬೇಕೇ ಎಂಬುದಾಗಿತ್ತು, ಆದ್ದರಿಂದ ಬಾಯ್ಮಾತಿನ ಪಾಲಿನ ಭಾಗ ಪ್ರಾಸಂಗಿಕ ನುಡಿ ಮಾತ್ರ ಎಂದು ಬರೆಯುವ ಆಸೆ ಕೆಲವರಿಗೆ ಬರುತ್ತದೆ. ಕೇಳಬಹುದಾದ ಪ್ರಶ್ನೆಯೇ, ಆದರೆ ಎರಡು ವಾಕ್ಯ ಸಾಕು. ಸುಪ್ರೀಂ ಕೋರ್ಟಿನ ಪ್ರಾಸಂಗಿಕ ನುಡಿಯನ್ನೂ ಕೆಳಗಿನ ನ್ಯಾಯಾಲಯಗಳು ಸುಮ್ಮನೆ ಬದಿಗೆ ಸರಿಸುವುದಿಲ್ಲ.

4. ಚೌಕಟ್ಟು ಮತ್ತು ಉದ್ದ

ಪತ್ರಿಕೆ 1500 ಪದಗಳ ಮಿತಿ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಬರೆಯುವುದಕ್ಕೆ ಮೊದಲೇ ಹಂಚಿಕೊಳ್ಳಬೇಕು. ಬರೆದಾದ ಮೇಲೆ ಕತ್ತರಿಸಲು ಹೊರಟವರು ಯಾವಾಗಲೂ ವಿಮರ್ಶೆಯನ್ನೇ ಕತ್ತರಿಸುತ್ತಾರೆ. ನನ್ನ ಹಂಚಿಕೆಯಲ್ಲಿ ಪ್ರಮೇಯವಿರುವ ಪೀಠಿಕೆಗೆ 100, ಸಂಗತಿಗಳಿಗೆ 120, ಹಿಂದಿನ ಕಾನೂನಿಗೆ 230, ನ್ಯಾಯಾಲಯದ ತರ್ಕಕ್ಕೆ 300, ವಿಮರ್ಶೆಗೆ 650, ಮುಕ್ತಾಯಕ್ಕೆ 100 ಪದಗಳು. ವಿಮರ್ಶೆ ಮೂರನೆಯ ಒಂದಕ್ಕಿಂತ ಕೆಳಗಿಳಿದರೆ ಅದು ಟಿಪ್ಪಣಿಯಲ್ಲ, ವರದಿ.

ಸಂಗತಿಗಳಲ್ಲಿ ಪ್ರಮೇಯಕ್ಕೆ ಬೇಡದ್ದನ್ನೆಲ್ಲ ಬಿಡಿ. ಶರ್ಮಾ ಕುಟುಂಬದಲ್ಲಿ ತಂದೆ 1999ರಲ್ಲಿ ತೀರಿಕೊಂಡಿದ್ದರು, ಆ ಕಾರಣಕ್ಕೆ ದೆಹಲಿ ಹೈಕೋರ್ಟ್ ಮಗಳಿಗೆ ತಿದ್ದುಪಡಿಯ ಲಾಭ ಸಿಗದು ಎಂದಿತ್ತು, ಇಷ್ಟು ಸಾಕು.

ಹಿಂದಿನ ಕಾನೂನಿನಲ್ಲಿ ಮೂರೇ ಮೆಟ್ಟಿಲು. ಕರ್ನಾಟಕದ್ದೇ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು, ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2015ರ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು, 2005ರ ಆ ದಿನದಂದು ತಂದೆಯೂ ಮಗಳೂ ಬದುಕಿರಬೇಕು ಎಂದಿತು. 2018ರ ದಾನಮ್ಮ ತೀರ್ಪು 2001ರಲ್ಲೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳು, ಎರಡೂ ಕರ್ನಾಟಕದಿಂದ ಹೋದ ಮೇಲ್ಮನವಿಗಳು. ಈ ಗೊಂದಲವೇ ವಿಷಯವನ್ನು ಮೂವರ ಪೀಠದ ಮುಂದೆ ತಂದಿತು. ಮಿತಾಕ್ಷರದ ಇತಿಹಾಸ, ವೇದಕಾಲದ ಸ್ತ್ರೀಯರ ಸ್ಥಾನಮಾನ ಇವುಗಳನ್ನು ಸೇರಿಸುವ ಚಟ ಕೆಲವರಿಗಿದೆ. ಆ ಪುಟಗಳನ್ನು ನಾನು ಓದದೆಯೇ ಅಡ್ಡಗೀಟು ಹೊಡೆಯುತ್ತೇನೆ.

ಉದ್ದವನ್ನು ತಿನ್ನುವ ದೊಡ್ಡ ಕಳ್ಳ ಎಂದರೆ ಉದ್ಧರಣೆ. ಇಡೀ ಟಿಪ್ಪಣಿಯಲ್ಲಿ ನ್ಯಾಯಾಲಯದ ಮಾತನ್ನು ಯಥಾವತ್ತಾಗಿ ಕೊಡುವುದು ಎರಡು ಕಡೆ ಮಾತ್ರ, ಅದೂ ಆ ಪದಗಳ ಮೇಲೆಯೇ ನಿಮ್ಮ ವಾದ ನಿಂತಿದ್ದರೆ. ಇಲ್ಲಿ ಐದನೆಯ ತೀರ್ಮಾನದ ವಾಕ್ಯ ಒಂದು, ರುಜುವಾತಿನ ಅಳತೆಯ ವಾಕ್ಯ ಇನ್ನೊಂದು. ಉಳಿದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಪ್ಯಾರಾ ಸಂಖ್ಯೆ ಕೊಡಿ. ವಾದವನ್ನು ಅಡಿಟಿಪ್ಪಣಿಗೆ ಇಳಿಸಿ ಪದಮಿತಿಯ ಕಣ್ಣು ತಪ್ಪಿಸುವ ಉಪಾಯವೂ ಬೇಡ. ಹಲವು ಪತ್ರಿಕೆಗಳು ಅಡಿಟಿಪ್ಪಣಿಯನ್ನೂ ಎಣಿಸುತ್ತವೆ.

5. ಕಳುಹಿಸುವ ಹಿಂದಿನ ದಿನ

ಬಾಯ್ಮಾತಿನ ಪಾಲಿನ ಬಗ್ಗೆ ಈ ತೀರ್ಪನ್ನು ಅನ್ವಯಿಸಿದ ಹೊಸ ತೀರ್ಪುಗಳು, ಮುಖ್ಯವಾಗಿ ಕರ್ನಾಟಕ ಹೈಕೋರ್ಟಿನವು, ಬಂದಿವೆಯೇ ಎಂದು ಇನ್ನೊಮ್ಮೆ ಹುಡುಕಿ. ನಿಮ್ಮ ಪ್ರಮೇಯವನ್ನು ಮುಟ್ಟುವಂಥದ್ದು ಸಿಕ್ಕರೆ ಅದನ್ನು ಕೊನೆಗೆ ಅಂಟಿಸಬೇಡಿ. ವಿಮರ್ಶೆಯ ಭಾಗದ ಒಳಗೇ ಸೇರಿಸಿ, ಅಷ್ಟು ಪದಗಳನ್ನು ಸಂಗತಿಗಳ ಭಾಗದಿಂದ ಕಿತ್ತುಹಾಕಿ.